ಸ್ಟೇ ಇಲ್ಲ ಅಂದರೆ ಸಾಕಾ?

ಪ್ರಶ್ನೆ: ತುಮಕೂರಿನಲ್ಲಿ 30x40 ಸೈಟಿಗೆ 5 ಲಕ್ಷ ಅಡ್ವಾನ್ಸ್ ಕೊಟ್ಟಿದ್ದೇನೆ. 30 ವರ್ಷದ ಇಸಿ ತೆಗೆಸಿದೆ, ಏನೂ ತಕರಾರಿಲ್ಲ. ಈಗ ನೋಡಿದರೆ, ಮಾರುವವರ ತಂಗಿ ಪಾಲು ಕೇಳಿ ಕೋರ್ಟಿಗೆ ಹೋಗಿದ್ದಾರಂತೆ. ಕೇಳಿದ್ದಕ್ಕೆ, "ಕೇಸಿದೆ, ಆದರೆ ಸ್ಟೇ ಇಲ್ಲ, ಧೈರ್ಯವಾಗಿ ರಿಜಿಸ್ಟರ್ ಮಾಡಿಸಿಕೊಳ್ಳಿ" ಅಂತಾರೆ. ಮಾಡಿಸಿಕೊಳ್ಳಲೇ?
— ಓದುಗರೊಬ್ಬರು, ತುಮಕೂರು

ಸಂಪಾದಕರ ಉತ್ತರ: ಸದ್ಯಕ್ಕೆ ಬೇಡ. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅದರಿಂದ ನಿಮಗೆ ರಕ್ಷಣೆಯೂ ಇಲ್ಲ.

ಸ್ಟೇ ಅನ್ನುವುದು ಕೋರ್ಟು ಬೇರೆಯಾಗಿ ಕೊಡುವ ಆದೇಶ. ಅದಿಲ್ಲದೆಯೂ ತಾನಾಗಿ ಕೆಲಸ ಮಾಡುವ ಇನ್ನೊಂದು ನಿಯಮವಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಂ. ವಕೀಲರ ಬಾಯಲ್ಲಿ ಇದು 'ಲಿಸ್ ಪೆಂಡೆನ್ಸ್'. ಒಂದು ಸ್ಥಿರಾಸ್ತಿಯ ಹಕ್ಕಿನ ಮೇಲೆಯೇ ದಾವೆ ನಡೆಯುತ್ತಿರುವಾಗ, ಪಕ್ಷಗಾರರು ಅದನ್ನು ಮಾರಿ ಎದುರಾಳಿಯ ಹಕ್ಕು ಕೆಡಿಸುವಂತಿಲ್ಲ. ಮಾರಿದರೆ ಕ್ರಯಪತ್ರ ರದ್ದಾಗುವುದಿಲ್ಲ. ರಿಜಿಸ್ಟರ್ ಆಗುತ್ತದೆ, ಖಾತೆಯೂ ಆಗಬಹುದು. ಆದರೆ ಕೊನೆಗೆ ಬರುವ ತೀರ್ಪಿಗೆ ನೀವೂ ತಲೆಬಾಗಬೇಕು. "ಕೇಸಿನ ವಿಷಯ ನನಗೆ ಗೊತ್ತೇ ಇರಲಿಲ್ಲ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಡಿಕ್ರಿ ಹಿಡಿದು ಅಮೀನರು ಬಾಗಿಲಿಗೆ ಬಂದಾಗ ಅಡ್ಡ ನಿಲ್ಲುವ ಹಕ್ಕನ್ನೂ ಇಂಥ ಖರೀದಿದಾರರಿಗೆ ಕಾನೂನು ಕೊಟ್ಟಿಲ್ಲ.

ಹಾಗಾದರೆ ಇಸಿ? ಅದರಲ್ಲಿ ಬರುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲಾದ ಪತ್ರಗಳು ಮಾತ್ರ. ದಾವೆ ಹಾಕಿದ್ದು ಅಲ್ಲಿ ತಾನಾಗಿ ನಮೂದಾಗುವುದಿಲ್ಲ. ಮಹಾರಾಷ್ಟ್ರದಲ್ಲಿ ದಾವೆಯ ನೋಟಿಸನ್ನು ರಿಜಿಸ್ಟರ್ ಮಾಡಿಸುವ ಪದ್ಧತಿಯಿದೆ. ಬೇರೆಡೆಯೂ ಅದು ಬಂದರೆ ಒಳ್ಳೆಯದು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ನನ್ನ ಕೇಳಿದರೆ ನಮ್ಮಲ್ಲಿ ಅದು ಎಂದೋ ಬರಬೇಕಿತ್ತು.

ಈಗ ನಿಮ್ಮ ಲೆಕ್ಕ. ಅಣ್ಣ, ತಮ್ಮ, ತಂಗಿ, ಒಟ್ಟು ಮೂವರು ಸಮಪಾಲುದಾರರು ಅಂದುಕೊಳ್ಳಿ. ದಾವೆಯಲ್ಲಿ ಇರುವುದು ಈ ಸೈಟೊಂದೇ ಆದರೆ, 1,200 ಚದರಡಿಯಲ್ಲಿ ತಂಗಿಯದು 400. ನೀವು ಪೂರ್ತಿ ದುಡ್ಡು ಕೊಟ್ಟರೂ ನಿಲ್ಲುವುದು ಮಾರಿದವರ ಪಾಲಿನಷ್ಟು. ಅಣ್ಣ ಒಬ್ಬರೇ ಸಹಿ ಹಾಕಿದ್ದರೆ ಅದೂ 400 ಅಷ್ಟೇ. ಇನ್ನೂ ನಾಲ್ಕಾರು ಆಸ್ತಿ ದಾವೆಯಲ್ಲಿದ್ದರೆ, ನಿಮ್ಮ ಸೈಟನ್ನು ಮಾರಿದವರ ಪಾಲಿಗೇ ಹಾಕಿ ಎಂದು ಕೇಳಿಕೊಳ್ಳಬಹುದು. ಕೋರ್ಟುಗಳು ಸಾಧ್ಯವಾದಲ್ಲಿ ಹಾಗೆ ಮಾಡುತ್ತವೆ. ಆದರೆ ಮಾಡಲೇಬೇಕು ಅಂತ ನೀವು ಹಟ ಹಿಡಿಯಲಾಗದು.

ಹಾಗಾಗಿ ಮೊದಲು ದಾವೆಯ ಪ್ರತಿ ತರಿಸಿ, ಕೊನೆಯ ಪುಟದ ಷೆಡ್ಯೂಲ್ ಓದಿ. ಸರ್ವೆ ನಂಬರು, ಅಳತೆ, ಚಕ್ಕುಬಂದಿ ನಿಮ್ಮ ಕರಾರಿನ ಜೊತೆ ಹೊಂದುತ್ತದಾ? ನಿಮ್ಮ ಸೈಟು ಅಲ್ಲಿ ಇಲ್ಲದಿದ್ದರೆ ಈ ನಿಯಮ ತಟ್ಟುವುದಿಲ್ಲ. ಬರೀ ಕೈಸಾಲದ ಹಣ ವಸೂಲಿಯ ಕೇಸಾದರೂ ತಟ್ಟುವುದಿಲ್ಲ.

ಕೇಸು ಹುಡುಕಲು ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರು ಹಾಕಬಹುದು. ಇಂಗ್ಲಿಷ್ ಸ್ಪೆಲಿಂಗ್ ಬದಲಿಸಿ ನೋಡಿ. Lakshmamma ಅಂತ ಸಿಗದ್ದು Laxmamma ಅಂತ ಸಿಗುತ್ತದೆ. Pending ಮಾತ್ರ ನೋಡಿ ಸುಮ್ನಾಗಬೇಡಿ, Disposed ಕೂಡ ನೋಡಿ. ಜನ ಎಡವುವುದು ಇಲ್ಲೇ. ನಮ್ಮ ಬಂಧುಗಳೊಬ್ಬರು Disposed ಅಂತ ಕಂಡದ್ದೇ ತಡ, ಕೇಸು ಮುಗಿಯಿತೆಂದು ಸೈಟು ಕೊಂಡರು. ಮುಗಿದಿದ್ದು ಪ್ರಾಥಮಿಕ ಡಿಕ್ರಿ, ಅಂದರೆ ಯಾರಿಗೆ ಎಷ್ಟು ಪಾಲು ಅನ್ನುವ ತೀರ್ಮಾನ ಮಾತ್ರ. ಅಳೆದು ಹಂಚುವ ಅಂತಿಮ ಡಿಕ್ರಿ ಕೆಲಸ ಎಷ್ಟೋ ಕೇಸುಗಳಲ್ಲಿ ಎಫ್‌ಡಿಪಿ ಅಂತ ಬೇರೆ ನಂಬರಿನಲ್ಲಿ ಇರುತ್ತದೆ. ಅದಕ್ಕೆ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. 52ನೇ ಕಲಮಿನ ಲೆಕ್ಕದಲ್ಲಿ ದಾವೆ ಶುರುವಾಗುವುದು ಅದನ್ನು ಕೋರ್ಟಿಗೆ ಕೊಟ್ಟ ದಿನ. ಮುಗಿಯುವುದು ಅಂತಿಮ ಡಿಕ್ರಿ ಪೂರ್ತಿ ಜಾರಿಯಾದಾಗ, ಇಲ್ಲವೇ ಜಾರಿಗೆ ಅವಧಿ ಮೀರಿದಾಗ. ಅಪೀಲಿನ ಕಾಲವೂ ಇದರೊಳಗೇ ಬರುತ್ತದೆ.

ಸೈಟು ಬೇಕೇ ಬೇಕು ಅಂದರೆ ಚೊಕ್ಕ ದಾರಿ ಒಂದಿದೆ. ತಂಗಿಯನ್ನೂ ಸೇರಿಸಿ ಎಲ್ಲ ಪಕ್ಷಗಾರರೂ ಕೋರ್ಟಿನಲ್ಲಿ ರಾಜಿ ಅರ್ಜಿ ಹಾಕಲಿ. ಈ ಸೈಟು ಮಾರುವವರ ಪಾಲಿಗೆ ಎಂದು ಅದರಲ್ಲಿ ಬರೆಯಲಿ. ರಾಜಿ ಡಿಕ್ರಿ ಬಂದ ಮೇಲೆ ರಿಜಿಸ್ಟ್ರೇಷನ್. ಕ್ರಯಪತ್ರಕ್ಕೂ ತಂಗಿಯ ಸಹಿ ಹಾಕಿಸಿ. "ಏನಾದರೂ ಆದರೆ ನಾನೇ ಹೊಣೆ" ಎಂಬ ಮುಚ್ಚಳಿಕೆ ಪತ್ರ ನಂಬಬೇಡಿ. ಸೈಟು ಕೈಬಿಟ್ಟ ಮೇಲೆ ದುಡ್ಡಿಗಾಗಿ ಅವರ ಹಿಂದೆ ಅಲೆಯುವ ಹಕ್ಕು ಮಾತ್ರ ಅದರಿಂದ ಸಿಗುತ್ತದೆ.

ರಾಜಿಗೆ ಅವರು ಒಪ್ಪದಿದ್ದರೆ ವಕೀಲರಿಂದ ನೋಟಿಸ್ ಕೊಡಿಸಿ, ಅಡ್ವಾನ್ಸ್ ವಾಪಸ್ ಕೇಳಿ. ಹಕ್ಕಿನಲ್ಲಿ ದೋಷ ಇರುವುದು ಗೊತ್ತಿದ್ದೂ ಮುಚ್ಚಿಡುವುದು ಅದೇ ಕಾಯ್ದೆಯ 55ನೇ ಕಲಮಿಗೆ ವಿರುದ್ಧ. ಕರಾರಿಗೆ ಮೊದಲು ಕೇಸಿನ ಮಾತು ಅವರು ಎತ್ತಿದ್ದರಾ, ನೆನಪು ಮಾಡಿಕೊಳ್ಳಿ. ವಾಟ್ಸಾಪಿನಲ್ಲಿ "ಸ್ಟೇ ಇಲ್ಲ" ಅಂತ ಬರೆದಿದ್ದರೆ ಆ ಮೆಸೇಜನ್ನು ಅಳಿಸಬೇಡಿ.