ಮುದ್ದಿನ ಹೆಸರು ಬಿಟ್ಟು ಪೂರ್ತಿ ಹೆಸರು ಹಿಡಿದ್ರೆ

"ಎರಡು ವರ್ಷದಿಂದ ವಾಟ್ಸಾಪಲ್ಲಿ ‘ಬಂಗಾರ’ ಅಂತಿದ್ದವಳು ಮೊನ್ನೆಯಿಂದ ‘ಪ್ರಶಾಂತ್ ಕುಮಾರ್’ ಅಂತಿದ್ದಾಳೆ. ಬಿಡೋಕೆ ನೋಡ್ತಿದ್ದಾಳಾ? ಚಾಟಲ್ಲೇ ಖಡಕ್ಕಾಗಿ ಕೇಳಿಬಿಡ್ಲಾ?"

ಚಾಟಲ್ಲಿ ಮಾತ್ರ ಕೇಳಬೇಡಿ ಮಾರಾಯ್ರೆ. ನಾನು ಕೇಳಿ ಕೆಟ್ಟವನು.

ನನ್ನನ್ನ ‘ಮಂಜಾ’ ಅಂತಿದ್ದವಳು ಒಂದು ಭಾನುವಾರ ಸಂಜೆ ‘ಮಂಜುನಾಥ್, ನೋಟ್ಸ್ ನಾಳೆ ಕೊಡ್ತೀನಿ’ ಅಂತ ಕಳಿಸಿದ್ಲು. ನಾವಿಬ್ರೂ ಓದು ಮುಗಿಸಿ ಯಾವ ಕಾಲ ಆಗಿತ್ತೋ, ಎಲ್ಲಿಯ ನೋಟ್ಸು? ನನ್ನ ತಲೆ ಅಲ್ಲಿ ಓಡಬೇಕಿತ್ತು. ಓಡಿದ್ದು ‘ಮಂಜುನಾಥ್’ ಮೇಲೆ. ಸಿಟ್ಟು ನೆತ್ತಿಗೇರಿ, ‘ಏನ್ರೀ ಮೇಡಂ, ನಾನೀಗ ಮಂಜುನಾಥ್ ಆಗ್ಬಿಟ್ನಾ? ಹಂಗಾದ್ರೆ ನೀನು ನನ್ನ ಪುಟ್ಟಿ ಅಲ್ವಾ?’ ಅಂತ ಶುರು ಮಾಡಿ ಸಾಲಾಗಿ ಕಳಿಸಿದೆ. ಅವತ್ತು ಅವಳ ಮನೇಲಿ ನೆಂಟರು ತುಂಬಿದ್ರು, ಅದಕ್ಕೇ ಅವಳು ಹುಷಾರಾಗಿ ಬರೆದಿದ್ದು. ಮೊಬೈಲ್ ಟೀವಿ ಪಕ್ಕ ಚಾರ್ಜಿಗಿತ್ತು. ಸ್ಕ್ರೀನ್ ಲಾಕ್ ಆಗಿದ್ರೂ ಮೆಸೇಜು ಮೇಲೇ ಕಾಣುತ್ತಲ್ಲ, ‘ಪುಟ್ಟಿ’ಯನ್ನ ಮೊದಲು ಓದಿದ್ದು ಅವಳ ಚಿಕ್ಕಮ್ಮ. ಆಮೇಲೆ ನಾನು ಡಿಲೀಟ್ ಫಾರ್ ಎವರಿವನ್ ಒತ್ತಿದೆ. ಓದಿದವರ ತಲೆಯಿಂದ ಡಿಲೀಟ್ ಆಗುತ್ತಾ? ಫೋನು ಅವರಪ್ಪನ ಕೈ ಸೇರ್ತು, ಅವಳ ದನಿ ಮತ್ತೆ ಕೇಳೋಕೆ ತಿಂಗಳುಗಟ್ಟಲೆ ಕಾಯಬೇಕಾಯ್ತು.

ಅನುಮಾನ ಬಂದಿದ್ದನ್ನ ನಾನು ತಪ್ಪು ಅನ್ನಲ್ಲ, ಯಾರಿಗಾದ್ರೂ ಬರುತ್ತೆ. ಅದನ್ನ ಅದೇ ಚಾಟಲ್ಲಿ ಕಕ್ಕಿದ್ದು ತಪ್ಪು. ಮೆಸೇಜ್ ಹೋಗೋದು ಅವಳ ಫೋನಿಗೆ. ಆ ಫೋನು ಆ ಹೊತ್ತಲ್ಲಿ ಯಾರ ಕಣ್ಣೆದುರಿಗಿದೆ ಅಂತ ನಮಗೇನು ಗೊತ್ತು? ಆಫೀಸ್ ಕಂಪ್ಯೂಟರಲ್ಲಿ ವಾಟ್ಸಾಪ್ ವೆಬ್ ತೆರೆದಿಟ್ಟಿದ್ರೆ ಪಕ್ಕದ ಸೀಟಿನವರೂ ಓದ್ತಾರೆ.

ನನ್ನ ಕೇಳಿದ್ರೆ, ಬರೀ ಹೆಸರಿಂದ ಏನೂ ಗೊತ್ತಾಗಲ್ಲ. ಅದರ ಹಿಂದೆ ಬರೋದನ್ನ ನೋಡಿ. ‘ಪ್ರಶಾಂತ್ ಕುಮಾರ್, ಎಲ್ಲಿ ಹಾಳಾಗಿ ಹೋಗಿದ್ದೆ?’ ಅಂದ್ರೆ ಹುಸಿಮುನಿಸು, ಇಲ್ಲಾ ತಮಾಷೆ. ‘ಊಟ ಮಾಡಿದ್ರಾ?’ ಅಂತ ಬಹುವಚನ ಬಂದ್ರೆ ಪಕ್ಕದಲ್ಲಿ ಯಾರೋ ಇರಬಹುದು. ಒಬ್ಬಳೇ ಇದ್ದಾಗ ಫೋನಲ್ಲೂ ನೀನು, ನೀವು ಎರಡನ್ನೂ ತಪ್ಪಿಸಿ ‘ಊಟ ಆಯ್ತಾ, ಬಂದಿದ್ದಾಯ್ತಾ’ ಅಂತ ತೇಲಿಸ್ತಿದ್ರೆ ಆಗ ನಿಜವಾಗ್ಲೂ ಏನೋ ಇದೆ, ಎದುರು ಕೂತು ಕೇಳಿ.

ಇನ್ನೊಂದು, ಪೂರ್ತಿ ಹೆಸರಿನ ಜೊತೆ ‘ಅರ್ಜೆಂಟ್ ದುಡ್ಡು ಹಾಕು’ ಅಂತ ಬಂದ್ರೆ ಬರೀತಿರೋದು ಅವಳೇನಾ ಅಂತ ಮೊದಲು ನೋಡಿ. ಯಾರಾದ್ರೂ ಓಟಿಪಿ ಕಿತ್ಕೊಂಡು ಅವಳ ನಂಬರನ್ನ ತಮ್ಮ ಫೋನಲ್ಲಿ ಶುರು ಮಾಡಿದ್ರೆ ಬ್ಯಾಕಪ್ ಇಲ್ಲದೆ ಹಳೇ ಚಾಟ್ ಅಲ್ಲಿ ಬರಲ್ಲ. ‘ಬಂಗಾರ’ ಅನ್ನೋ ಹೆಸರು ಅವರಿಗೆ ಹೇಗೆ ಗೊತ್ತಾಗ್ಬೇಕು? ಪ್ರೊಫೈಲಲ್ಲಿ ಕಾಣೋ ಹೆಸರನ್ನೇ ಬರೀತಾರೆ. ವಾಟ್ಸಾಪ್ ಕಾಲ್ ಬಿಟ್ಟು ಮಾಮೂಲಿ ಕಾಲ್ ಮಾಡಿ.

ದುಡ್ಡಿನ ವಿಷಯ ಇಲ್ಲಾಂದ್ರೆ ಇವತ್ತಿಗೆ ‘ಸರಿ’ ಅಂತಷ್ಟೇ ಕಳಿಸಿ, ಅವಳೇ ಕಾಲ್ ಮಾಡೋವರೆಗೆ ತೆಪ್ಪಗಿರಿ.