ದಾರಿಯ ಹೊತ್ತು ಯಾರ ಲೆಕ್ಕಕ್ಕೆ?

ಪ್ರಶ್ನೆ: ಕಾಸರಗೋಡಿನಲ್ಲಿ ಏಸಿ ರಿಪೇರಿ ಕೆಲಸ ನನ್ನದು. ಒಂದು ಮನೆಯಿಂದ ಇನ್ನೊಂದು ಮನೆಗೆ ಬೈಕಿನಲ್ಲಿ ಹೋಗುವ ಸಮಯವನ್ನು ಧಣಿಗಳು ಡ್ಯೂಟಿಗೆ ಸೇರಿಸುವುದಿಲ್ಲ. ಇದು ಸರಿಯಾ?

ಉತ್ತರ: ಸರಿಯಲ್ಲ. ನೋಡಬೇಕಾದದ್ದು ಒಂದೇ: ಆ ಹೊತ್ತಿನಲ್ಲಿ ನೀವು ಯಾರು ಹೇಳಿದ ಕಡೆಗೆ ಹೋಗುತ್ತಿದ್ದಿರಿ? ಬೆಳಿಗ್ಗೆ ಮನೆಯಿಂದ ಅಂಗಡಿಗೆ ಬರುವುದು ಸಾಮಾನ್ಯವಾಗಿ ನಿಮ್ಮ ಸ್ವಂತ ಸಮಯ. ಮೊದಲ ಕೆಲಸ ಹಿಡಿದ ಮೇಲೆ ಅವರು ಕಳಿಸಿದಲ್ಲಿಗೆ ಓಡುವುದು ಕೆಲಸವೇ. ಹೆದ್ದಾರಿ ಬ್ಲಾಕಿನಲ್ಲಿ ಸಿಕ್ಕಿಕೊಂಡ ಅರ್ಧ ಗಂಟೆಯೂ ಅದರಲ್ಲೇ ಬಂತು.

ಒಂದು ದಿನ ಹೀಗೆ ಹೋಯಿತೆನ್ನಿ. 9ಕ್ಕೆ ಅಂಗಡಿಯಲ್ಲಿ ಗ್ಯಾಸ್ ಸಿಲಿಂಡರ್ ಹೇರಿಕೊಂಡು ಹೊರಟು 9.30ಕ್ಕೆ ಕುಂಬಳೆ. 11ಕ್ಕೆ ಅಲ್ಲಿಂದ ಬಿಟ್ಟು 11.40ಕ್ಕೆ ಮಂಜೇಶ್ವರ, 1ಕ್ಕೆ ಮುಗಿಯಿತು. ಊಟಕ್ಕೆ ಒಂದು ಗಂಟೆ. 2ಕ್ಕೆ ಹೊರಟು 3ಕ್ಕೆ ಬದಿಯಡ್ಕ, 5.30ಕ್ಕೆ ಕೆಲಸ ಪೂರ್ತಿ. ಸ್ಪ್ಯಾನರ್ ಹಿಡಿದದ್ದು 5 ಗಂಟೆ 20 ನಿಮಿಷ, ದಾರಿಯಲ್ಲಿ 2 ಗಂಟೆ 10 ನಿಮಿಷ. ಊಟ ಬಿಟ್ಟು ಡ್ಯೂಟಿ 7 ಗಂಟೆ 30 ನಿಮಿಷ.

ಬದಿಯಡ್ಕದಿಂದ ನೇರ ಮನೆಗೆ ಹೋದರೆ ಲೆಕ್ಕ ಅಲ್ಲಿಗೇ ನಿಂತಿತು. ಆದರೆ "ಕೆಟ್ಟ ಕಂಪ್ರೆಸರ್ ಅಂಗಡಿಗೆ ತಂದುಹಾಕು" ಎಂದು ಫೋನ್ ಬಂದು, ಅದಕ್ಕೆ 40 ನಿಮಿಷ ಹಿಡಿದರೆ ಒಟ್ಟು 8 ಗಂಟೆ 10 ನಿಮಿಷ. ಕೇರಳದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆಯ ಮಿತಿಯಿದೆ. ಮೇಲಿನ ಆ 10 ನಿಮಿಷಕ್ಕೆ ಇಮ್ಮಡಿ ದರ.

ನಡುವೆ ನಿಮ್ಮ ಸ್ವಂತ ಕೆಲಸಕ್ಕೆ ಬ್ಯಾಂಕಿಗೆ ಹೋದರೆ ಆ ಹೊತ್ತನ್ನು ನೀವೇ ಕಳೆಯಿರಿ. ಎಷ್ಟೋ ಜಗಳ ಹುಟ್ಟುವುದು ಜಾಬ್ ಕಾರ್ಡಿನಲ್ಲಿ ತಲುಪಿದ ಸಮಯ ಮಾತ್ರ ಇರುವುದರಿಂದ. ಹೊರಟ ಸಮಯವನ್ನೂ ಬರೆದು, ಪ್ರತಿ ಮನೆಯಲ್ಲಿ ಗಿರಾಕಿಯ ಸಹಿ ಹಾಕಿಸಿಕೊಳ್ಳಿ.