ಒಂದೇ ಪೇಜ್‌ನಲ್ಲಿ ಎರಡು ಪ್ರತಿ ಇಟ್ಟರೆ ಸಾಲದು

ಪ್ರಶ್ನೆ: STM32F103 ಒಳಗಿನ ಫ್ಲ್ಯಾಶ್‌ನಲ್ಲೇ ಸೆಟ್ಟಿಂಗ್ಸ್ ಉಳಿಸ್ತಿದ್ದೀನಿ. 10,000 ಸಲ ಅಳಿಸಿದರೆ ಸವೆದುಹೋಗುತ್ತೆ ಅಂತಾರೆ. ವೇರ್ ಲೆವೆಲಿಂಗ್‌ಗೆ ಯಾವ ಲೈಬ್ರರಿ ಒಳ್ಳೇದು? ಕರೆಂಟ್ ಹೋದಾಗ ಹಾಳಾಗದಿರಲಿ ಅಂತ ಸಿಆರ್‌ಸಿ ಹಾಕಿದ್ದೀನಿ, ಅಷ್ಟು ಸಾಕಲ್ವಾ?

ಸಾಲದು. ನಾನೂ ಸಿಆರ್‌ಸಿ ಹಾಕಿದ್ದೆ, ಅದರ ಮೇಲೆ ಎರಡೆರಡು ಪ್ರತಿ ಇಟ್ಟಿದ್ದೆ. ಆದರೂ ನಾವು ಮಾಡಿದ ಹೀಟರ್ ಕಂಟ್ರೋಲರ್‌ಗಳಲ್ಲಿ ಕೆಲವು, ಕರೆಂಟ್ ಹೋಗಿ ಬಂದ ಮೇಲೆ ಎಲ್ಲವನ್ನೂ ಮರೆತು ಫ್ಯಾಕ್ಟರಿ ಸೆಟ್ಟಿಂಗ್‌ಗೆ ಬಂದುಬಿಡುತ್ತಿದ್ದವು. ಸೆನ್ಸರ್ ಕ್ಯಾಲಿಬ್ರೇಷನ್ ಕೂಡ ಅದರ ಜೊತೆಗೇ ಹೋಗುತ್ತಿತ್ತು. ಅವನ್ನೆಲ್ಲ ವಾಪಸ್ ತರಿಸಿ ಮತ್ತೆ ಕ್ಯಾಲಿಬ್ರೇಟ್ ಮಾಡಬೇಕಾಯಿತು.

ಅಂಥ ಒಂದು ಬೋರ್ಡ್‌ನ ಫ್ಲ್ಯಾಶ್ ಓದಿ ನೋಡಿದೆ. ಸೆಟ್ಟಿಂಗ್ಸ್ ಇದ್ದ ಪೇಜ್ ಪೂರ್ತಿ 0xFF. ಬರೆಯುವಾಗ ಕರೆಂಟ್ ಹೋಗಿದ್ದರೆ ಅರ್ಧ ಬರೆದ ಬೈಟ್‌ಗಳು ಸಿಗಬೇಕಿತ್ತು. ಇಲ್ಲಿ ಏನೂ ಇರಲಿಲ್ಲ. ಅಂದರೆ ಅಳಿಸಿದ್ದು ಆಗಿದೆ, ಬರೆಯೋಕೆ ಶುರುವೇ ಆಗಿಲ್ಲ.

ನನ್ನ ತಪ್ಪು ಅಲ್ಲಿತ್ತು. ಈ ಚಿಪ್‌ನಲ್ಲಿ ಎರಡೆರಡು ಬೈಟ್ ಬರೆಯಬಹುದು, ಆದರೆ ಅಳಿಸುವಾಗ ಇಡೀ ಪೇಜೇ ಹೋಗುತ್ತದೆ. 128 ಕೆಬಿ ಮಾದರಿಯಲ್ಲಿ ಒಂದು ಪೇಜ್ ಅಂದರೆ 1 ಕೆಬಿ. ನನ್ನ ಎರಡೂ ಪ್ರತಿ ಅದೇ 1 ಕೆಬಿಯಲ್ಲಿ ಅಕ್ಕಪಕ್ಕ ಇದ್ದವು. ಹೊಸ ಬೆಲೆ ಬರೆಯುವ ಮುಂಚೆ ಪೇಜ್ ಅಳಿಸುತ್ತಿದ್ದೆ, ಎರಡೂ ಒಟ್ಟಿಗೇ ಹೋಗುತ್ತಿದ್ದವು. ಅಳಿಸೋಕೆ 20ರಿಂದ 40 ಮಿಲಿಸೆಕೆಂಡ್ ಬೇಕು. 16 ಬೈಟ್ ಬರೆಯೋಕೆ ಸುಮಾರು ಅರ್ಧ ಮಿಲಿಸೆಕೆಂಡ್ ಸಾಕು. ಹಾಗಾಗಿ ಕರೆಂಟ್ ಹೋದರೆ ಅದು ಅಳಿಸುವ ಹೊತ್ತಿಗೇ ಸಿಕ್ಕಿಬೀಳುವ ಸಾಧ್ಯತೆ ಜಾಸ್ತಿ. ಬೆಲೆ ಕೆಟ್ಟಿದೆ ಅಂತ ಸಿಆರ್‌ಸಿ ಹೇಳುತ್ತದೆ, ಅಷ್ಟೇ. ಹಳೇ ಬೆಲೆಯನ್ನು ಅದು ವಾಪಸ್ ತಂದುಕೊಡುವುದಿಲ್ಲ.

ಆದ್ದರಿಂದ ಲೈಬ್ರರಿ ಹುಡುಕುವುದನ್ನು ಬಿಡಿ. ಎರಡು ಪೇಜ್ ತೆಗೆದುಕೊಳ್ಳಿ. ಇದ್ದ ಜಾಗದಲ್ಲೇ ತಿದ್ದಬೇಡಿ, ಪ್ರತಿ ಸಲ ಮುಂದಿನ ಖಾಲಿ ಜಾಗದಲ್ಲಿ ಹೊಸ ದಾಖಲೆ ಬರೆಯಿರಿ.

```c
typedef struct {
    uint32_t seq;
    uint8_t  data[10];
    uint16_t crc;
} record_t;
```

ಇದು 16 ಬೈಟ್, ಹಾಗಾಗಿ ಒಂದು ಪೇಜ್‌ಗೆ 64 ದಾಖಲೆ. `seq` ಪ್ರತಿ ಸಲ ಒಂದು ಹೆಚ್ಚಲಿ. `crc` ಕೊನೆಗೆ ಬರೆಯಿರಿ, ಬರೆದಾದ ಮೇಲೆ ಓದಿ ಹೋಲಿಸಿ. ಮೊದಲ ಪೇಜ್ ತುಂಬಿದಾಗ ಎರಡನೆಯದನ್ನು ಅಳಿಸಿ, ತಕ್ಷಣ ಅದರಲ್ಲಿ ಹೊಸ ದಾಖಲೆ ಬರೆಯಿರಿ. ಮೊದಲನೆಯದನ್ನು ಆಗ ಮುಟ್ಟಲೇಬೇಡಿ. ಎರಡನೆಯದು ತುಂಬಿದ ಮೇಲಷ್ಟೇ ಅದರ ಸರದಿ. ಬೂಟ್ ಆಗುವಾಗ ಎರಡೂ ಪೇಜ್ ಓದಿ, ಸಿಆರ್‌ಸಿ ಸರಿಯಿರುವ ದಾಖಲೆಗಳಲ್ಲಿ `seq` ಅತಿ ದೊಡ್ಡದಿರುವುದನ್ನು ತೆಗೆದುಕೊಳ್ಳಿ. ಅಳಿಸುವ ಮಧ್ಯೆ ಕರೆಂಟ್ ಹೋದರೂ ಇನ್ನೊಂದು ಪೇಜ್‌ನಲ್ಲಿ ಕೊನೆಯ ಒಳ್ಳೆಯ ದಾಖಲೆ ಹಾಗೇ ಇರುತ್ತದೆ.

ಎರಡು ಕಡೆ ಎಡವಬಹುದು. ಮುಂದಿನ ಖಾಲಿ ಜಾಗ ಹುಡುಕುವಾಗ ಕೊನೆಯ ಸರಿಯಾದ ದಾಖಲೆಯ ಪಕ್ಕದ ಜಾಗ ಅಂತ ಲೆಕ್ಕ ಹಾಕಬೇಡಿ. ಅಲ್ಲಿ ಅರ್ಧ ಬರೆದದ್ದು ಇರಬಹುದು. ಅದರ ಮೇಲೆ ಬರೆಯೋಕೆ ಹೋದರೆ ಚಿಪ್ `PGERR` ದೋಷ ಎತ್ತಿ ಬರೆಯದೆ ಬಿಡುತ್ತದೆ. 16 ಬೈಟೂ 0xFF ಇರುವ ಜಾಗಕ್ಕೆ ಹೋಗಿ. ಎರಡನೆಯದು, ಅಳಿಸುವ ಮಧ್ಯೆ ನಿಂತ ಪೇಜ್ ಓದಿದಾಗ ಖಾಲಿಯಂತೆ ಕಂಡರೂ ಒಳಗೆ ಪೂರ್ತಿ ಅಳಿಸಿರುವುದಿಲ್ಲ. ಅದಕ್ಕೇ ಹೊಸ ಪೇಜ್‌ಗೆ ಹೋಗುವಾಗ, ಖಾಲಿ ಕಂಡರೂ ಮತ್ತೊಮ್ಮೆ ಅಳಿಸಿಯೇ ಬರೆಯಿರಿ.

ಸವೆತದ ಲೆಕ್ಕ ನೋಡಿ. ನಿಮಿಷಕ್ಕೊಮ್ಮೆ ಅಳಿಸಿ ಬರೆದರೆ 10,000 ಸಲ ಒಂದು ವಾರದೊಳಗೆ ಮುಗಿಯುತ್ತದೆ. ಎರಡು ಪೇಜ್‌ನಲ್ಲಿ 128 ದಾಖಲೆಗೆ ತಲಾ ಒಂದು ಅಳಿಸುವಿಕೆ, ಅಂದರೆ 12,80,000 ಬರಹ. ನಿಮಿಷಕ್ಕೊಂದರಂತೆ ಎರಡು ವರ್ಷಕ್ಕಿಂತ ಜಾಸ್ತಿ. ಆದರೆ ನಿಮಿಷಕ್ಕೊಮ್ಮೆ ಸುಮ್ನೆ ಯಾಕೆ ಬರೆಯಬೇಕು? ನಾಬ್ ತಿರುಗಿಸುವುದು ನಿಂತು ಐದು ಸೆಕೆಂಡ್ ಆದ ಮೇಲೆ, ಬೆಲೆ ನಿಜಕ್ಕೂ ಬದಲಾಗಿದ್ದರೆ ಮಾತ್ರ ಬರೆಯಿರಿ. ಆ ಐದು ಸೆಕೆಂಡ್‌ನಲ್ಲಿ ಕರೆಂಟ್ ಹೋದರೆ ಹಿಂದಿನ ಬೆಲೆ ಬರುತ್ತದೆ. ಬಳಸುವವರಿಗೆ ಅದು ದೊಡ್ಡ ನಷ್ಟವಲ್ಲ.

ದಿನಕ್ಕೆ 20 ಬರಹ ಅಂದುಕೊಂಡರೆ ಸವೆತದ ಚಿಂತೆಯೇ ಉಳಿಯುವುದಿಲ್ಲ. ಅದಕ್ಕೇ ನಿಮ್ಮ ಪ್ರಶ್ನೆಯಲ್ಲಿ ಮುಂದೆ ಬರಬೇಕಾದ್ದು ಸವೆತವಲ್ಲ, ಅಳಿಸುವ ಆ 40 ಮಿಲಿಸೆಕೆಂಡ್. ಕ್ಯಾಲಿಬ್ರೇಷನ್ ಅನ್ನಂತೂ ಬೇರೆಯೇ ಪೇಜ್‌ನಲ್ಲಿ ಇಡಿ. ಫ್ಯಾಕ್ಟರಿಯಲ್ಲಿ ಒಮ್ಮೆ ಬರೆದ ಮೇಲೆ ಮಾಮೂಲಿ ಫರ್ಮ್‌ವೇರ್ ಅದನ್ನು ಅಳಿಸಲೇಬಾರದು.

ಇದೇ ಕೋಡ್ STM32L4 ಅಥವಾ G4ಗೆ ಒಯ್ದರೆ ಎಚ್ಚರ. ಅಲ್ಲಿ ಎಂಟೆಂಟು ಬೈಟ್ ಒಟ್ಟಿಗೆ ಬರೆಯಬೇಕು, ಇಸಿಸಿ ಇದೆ. ಅರ್ಧ ಬರೆದ ಜಾಗ ಓದಿದರೆ ಎನ್‌ಎಂಐ ಬರಬಹುದು. ಅದನ್ನು ಸಂಭಾಳಿಸದಿದ್ದರೆ ಬೋರ್ಡ್ ಬೂಟ್ ಆಗುವಾಗಲೇ ನಿಂತುಬಿಡುತ್ತದೆ.

ಪರೀಕ್ಷೆಗೆ ಒಂದು ರಿಲೇ ಇಟ್ಟು, ಫರ್ಮ್‌ವೇರ್ ಬಿಡದೆ ಬರೆಯುತ್ತಿರುವಾಗ ಎಲ್ಲೆಂದರಲ್ಲಿ ಕರೆಂಟ್ ಕತ್ತರಿಸಿ. ರಾತ್ರಿಯಿಡೀ ಓಡಲಿ. ಪ್ರತಿ ಬೂಟ್‌ನಲ್ಲೂ ಹಳೇ ಬೆಲೆ ಅಥವಾ ಹೊಸ ಬೆಲೆ, ಎರಡರಲ್ಲೊಂದೇ ಬರಬೇಕು. ಬೇರೇನಾದರೂ ಬಂದರೆ ಬೋರ್ಡ್ ಹೊರಗೆ ಕಳಿಸಬೇಡಿ.